ನೆನೆಸಿದ ಮೆಂತೆ, ನಮ್ಮ ವೈನಿ ಮತ್ತ ಶುಗರ್ ಗುಳಿಗಿ

ಹೋದ ವಾರ ಬಾಜೂ ಮನಿ ಅಕ್ಕಾ ಅವರು ಕಂಪೌಂಡಿನ ಆ ಕಡಿಂದನ ಕೇಳಿದ್ರು, "ನಿಮ್ಮ ವೈನಿ ಮೆಂತೆ ನೀರ ಕುಡದು ಶುಗರ್ ಇಳಿಸಿಕೊಂಡಾರಂತಲ್ರೀ, ಎಷ್ಟ ಹಾಕ್ತಾರ?" ನಾ ಒಲಿ ಮ್ಯಾಲೆ ಹಾಲಿಟ್ಟು ಬಂದಿದ್ದೆ. "ಒಂದ ಚಮಚ ಹಾಕ್ತಾರ್ರೀ" ಅಂದು ಒಳಗ ಓಡಿದೆ. ಆಮ್ಯಾಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಒಂದ ಚಮಚ ಅನ್ನೋದು ಖರೇ, ಆದ್ರ ಅದು ಅರ್ಧಾ ಮಾತು. ಅವರೂ ಗುಳಿಗಿ ತೊಗೊಳ್ಳೋರು. ಉಳಿದ ಅರ್ಧಾ ಮಾತು ಹೇಳಲಿಲ್ಲಂದ್ರ ನಮ್ಮ ಮನ್ಯಾಗ ಆದದ್ದು ಅವರ ಮನ್ಯಾಗೂ ಆದೀತು ಅಂತ ಅನಿಸಿ ಇವತ್ತ ಬರೀಲಿಕ್ಕೆ ಕೂತೀನಿ.

ನಮ್ಮ ವೈನಿ ಅಂದ್ರ ನನ್ನ ನೆಗೆಣ್ಣಿ, ನಮ್ಮನಿಯವರ ಅಣ್ಣನ ಹೆಂಡತಿ. 64 ವರ್ಷ. ಎಂಟು ವರ್ಷದಿಂದ ಶುಗರ್ ಅದ. ಮುಂಜಾನೆ ನಾಷ್ಟಾಕ್ಕಿಂತ ಮೊದಲು ಒಂದು ಗುಳಿಗಿ, ಅದರಾಗ ಗ್ಲಿಮೆಪಿರೈಡ್ ಮತ್ತ ಮೆಟ್‌ಫಾರ್ಮಿನ್ ಎರಡೂ ಕೂಡಿರ್ತಾವ. ರಾತ್ರಿ ಊಟ ಆದ ಮ್ಯಾಲೆ ಬರೇ ಮೆಟ್‌ಫಾರ್ಮಿನ್. ನನಗೂ ಮೂರು ವರ್ಷದಿಂದ ಶುಗರ್ ಅದ, ಆದ್ರ ನನ್ನದು ಬರೇ ಮೆಟ್‌ಫಾರ್ಮಿನ್. ಈ ಫರಕ್ ನೆನಪಿಟ್ಟಕೋರಿ, ಮುಂದ ಬರ್ತದ.

ವೈನಿಗೆ ಮೆಂತೆ ಹುಚ್ಚು ಹಿಡದದ್ದು ಫೋನಿನ ಒಂದು ಮೆಸೇಜಿನಿಂದ. ಮೊದಲು ಒಂದು ತಿಂಗಳು ನೆನೆಸಿದ ನೀರು ಸೋಸಿ ಕುಡದು ಕಾಳು ಗಿಡಕ್ಕ ಹಾಕ್ತಿದ್ರು. ಆಮ್ಯಾಲೆ ಯಾರೋ ಕಾಳೂ ತಿನ್ನಬೇಕು ಅಂದ್ರಂತ, ಅವತ್ತಿನಿಂದ ಒಂದರ ಬದಲಿ ಎರಡು ಚಮಚ ನೆನೆಸಿ ಕಾಳು ಸಮೇತ ನುಂಗಲಿಕ್ಕೆ ಸುರು ಮಾಡಿದ್ರು. ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ. ಮೆಂತೆ ಏನು ಔಷಧಾ ಅಲ್ಲಲ್ಲ, ಮಸಾಲಿ ಡಬ್ಬಿಯೊಳಗ ಇರೂದನ್ನ ಡಾಕ್ಟರಿಗೆ ಏನ ಹೇಳೂದು ಅಂತ ಅವರ ವಿಚಾರ.

ಶ್ರಾವಣದ ಎರಡನೇ ಶುಕ್ರವಾರ. ಸಂಜೀಮುಂದ ಐದು ಮಂದಿ ಮುತ್ತೈದಿಯರು ಬರೋರಿದ್ರು, ಹೋಳಗಿ ಅಡಗಿ. ನಾ ಎಂಟು ಗಂಟೆಕ್ಕ ಅವರ ಮನಿಗೆ ಹೋದಾಗ ವೈನಿ ಸ್ನಾನ ಮಾಡಿ ಮಡೀಲೆ ಹೂರಣ ರುಬ್ಬಲಿಕ್ಕೆ ಹತ್ತಿದ್ರು. ಆರು ಗಂಟೆಕ್ಕ ಮೆಂತೆ ನುಂಗಿದ್ರು, ಏಳೂವರಿಗೆ ರೂಢಿ ಪ್ರಕಾರ ಗುಳಿಗಿ ತೊಗೊಂಡಿದ್ರು. "ನಾಷ್ಟಾ ಆತೇನ್ರೀ ವೈನಿ?" ಅಂದೆ. "ನೈವೇದ್ಯ ಆಗ್ಲಿ ತಡಿ. ಮೆಂತೆ ತಿಂದೀನಲ್ಲ, ಹೊಟ್ಟಿ ತುಂಬಿದಂಗ ಅದ, ಹಸಿವಿ ಆಗವಲ್ಲದು" ಅಂದ್ರು. ನಾನೂ ಸುಮ್ನಾದೆ. ಇವತ್ತಿಗೂ ಅದೊಂದು ನನಗ ಚುಚ್ಚತದ. ಗುಳಿಗಿ ತೊಗೊಂಡಿದ್ದು ಕೇಳಿದ್ರ ಸಾಕಿತ್ತು.

ಹನ್ನೊಂದು ಗಂಟೆ ದಾಟಿತ್ತು. ವೈನಿ ಹೋಳಗಿ ಲಟ್ಟಸಲಿಕ್ಕೆ ಹತ್ತಿದ್ರು, ನಾ ಹಂಚಿನ ಮುಂದ. ಒಂದು ಹೋಳಗಿ ಹರದು ಹೂರಣ ಹೊರಗ ಬಂತು. ಇನ್ನೊಂದೂ ಹರೀತು. ನಾಲ್ವತ್ತು ವರ್ಷ ಹೋಳಗಿ ಮಾಡಿದ ಕೈ ಅದು. "ಹಿಟ್ಟು ಸಡ್ಲ ಆಗ್ಯದೇನ್ರೀ?" ಅಂದದ್ದಕ್ಕ ನನ್ನ ಮ್ಯಾಲೆ ಒಮ್ಮೆಲೆ ಹರಿಹಾಯ್ದರು, "ನೀನ ಕಲಸೀ ಅಲಾ, ನಿನ್ನ ಕೇಳು" ಅಂತ. ಅವರು ಹಂಗ ಮಾತಾಡೋ ಮನಷ್ಯಾರ ಅಲ್ಲ. ತಿರುಗಿ ನೋಡಿದ್ರ ಹಣಿ ಮ್ಯಾಲೆ ಬೆವರು ನೀರಿನಂಗ ಇಳೀಲಿಕ್ಕೆ ಹತ್ತಿತ್ತು, ಲಟ್ಟಣಗಿ ಹಿಡದ ಕೈ ಗಡಗಡ ನಡಗತಿತ್ತು. ಒಲಿ ಮುಂದಿನ ಬೆವರು ಬ್ಯಾರೆ, ಇದು ಬ್ಯಾರೆ. ಕೈ ಮುಟ್ಟಿದ್ರ ತಣ್ಣಗ ಇತ್ತು.

ನನ್ನ ಶುಗರ್ ಮೀಟರ್ ಯಾವಾಗ್ಲೂ ಪರ್ಸಿನ್ಯಾಗ ಇರ್ತದ. ಬೆರಳಿಗೆ ಹೂರಣ ಹತ್ತಿದ್ದಕ್ಕ ಮೊದಲು ಕೈ ತೊಳಸಿದೆ, ಬೆಲ್ಲದ ಕೈಲೆ ನೋಡಿದ್ರ ಮೀಟರ್ ಸುಳ್ಳು ಹೇಳ್ತದ. ಒರಸಿ ಚುಚ್ಚಿದೆ. 54 ತೋರಿಸ್ತು. 70ಕ್ಕಿಂತ ಕೆಳಗ ಬಂತಂದ್ರ ಶುಗರ್ ಇಳದದ ಅಂತ ಅರ್ಥ, ಕೂಡ್ಲೆ ಸಕ್ರಿ ಕೊಡಬೇಕು. ವೈನಿ "ನೈವೇದ್ಯ ಆಗಿಲ್ಲ, ಬಾಯಾಗ ಏನೂ ಹಾಕಬ್ಯಾಡ" ಅಂತ ಹಟ ಮಾಡಿದ್ರು. ಶುಗರ್ ಕೆಳಗ ಹೋದಾಗ ಹಿಂಗ ಹಟ ಮಾಡೂದೂ ಒಂದು ಲಕ್ಷಣನ ಅಂತ ಆಮ್ಯಾಲೆ ಗೊತ್ತಾತು. ಅರ್ಧಾ ಲೋಟ ನೀರಾಗ ಮೂರು ಸಣ್ಣ ಚಮಚ ಸಕ್ರಿ ಕಲಸಿ ಕುಡಿಸಿದೆ. ಸಣ್ಣ ಸೊಸಿ ಹೋಳಗಿನ ಕೊಡೂಣೇನ್ರಿ ಅಂದಳು. ಬ್ಯಾಡ ಅಂದೆ, ಹೋಳಗ್ಯಾಗ ಬ್ಯಾಳಿ, ತುಪ್ಪ ಇರ್ತಾವ, ಅದು ರಕ್ತಕ್ಕ ಹೋಗಿ ಮುಟ್ಟೂತನಕ ಹೊತ್ತಾಗ್ತದ. ಆ ವ್ಯಾಳ್ಯಾದಾಗ ಬೇಕಾದದ್ದು ಬರೇ ಸಕ್ರಿ ನೀರು. ಹದಿನೈದು ನಿಮಿಷಕ್ಕ ಮತ್ತ ನೋಡಿದೆ, 66. ಇನ್ನೊಮ್ಮೆ ಅಷ್ಟ ಸಕ್ರಿ ನೀರು. ಮತ್ತ ಹದಿನೈದು ನಿಮಿಷಕ್ಕ 98. ಆಗ ಒಂದು ಚಪಾತಿ, ಪಲ್ಯ ತಿನಿಸಿದೆ. ದೇವರಿಗೆ ಕೈ ಮುಗದು ಹೂರಣದ ನೈವೇದ್ಯ ಆಮ್ಯಾಲೆ ಮಾಡಿದ್ವಿ.

ಇನ್ನ ಆರಾಮ ಆತು ಅಂತ ನಾ ಮೀಟರ್ ಒಳಗ ಇಡ್ಲಿಕ್ಕೆ ಹೋದ್ರ, ಭಾವನವರು ಫೋನ್ ಹಚ್ಚಿದಾಗ ಡಾಕ್ಟ್ರು ಹೇಳಿದ್ದು ಬ್ಯಾರೆನ ಇತ್ತು. ಗ್ಲಿಮೆಪಿರೈಡಿನ ಕೆಲಸ ಇಡೀ ದಿನಾ ನಡೀತದ, ಒಮ್ಮೆ ಏರಿತು ಅಂತ ಬಿಡಬ್ಯಾಡ್ರಿ, ರಾತ್ರಿತನಕ ಎರಡು ಮೂರು ತಾಸಿಗೊಮ್ಮೆ ನೋಡ್ರಿ, ಒಬ್ಬರನ್ನ ಮಲಗಲಿಕ್ಕೆ ಬಿಡಬ್ಯಾಡ್ರಿ ಅಂದ್ರು. ಮಧ್ಯಾಹ್ನ ಎರಡೂವರಿಗೆ ನೋಡಿದಾಗ 82ಕ್ಕ ಇಳದಿತ್ತು. ಊಟಕ್ಕ ಕೂಡಿಸಿದ್ವಿ. ಸಂಜೀಮುಂದ ಮುತ್ತೈದಿಯರು ಬಂದಾಗ ವೈನಿ ನಕ್ಕೋತ ಅರಿಷಿಣ ಕುಂಕುಮ ಕೊಟ್ರು, ಯಾರಿಗೂ ಗೊತ್ತಾಗಲಿಲ್ಲ. ನನ್ನ ಎದಿ ಮಾತ್ರ ಬಡಕೋತಿತ್ತು.

ಮರುದಿನ ನಾನೂ ಜೊತಿಗೆ ಹೋದೆ. ವೈನಿ ಒಳಗ ಕೂಡೂದಕ್ಕ "ಎಲ್ಲಾ ಆ ಮೆಂತೇದ ದೆಸಿಂದ ಆತ್ರೀ" ಅಂದ್ರು. ಡಾಕ್ಟ್ರು ಹಂಗಲ್ಲ ಅಂದ್ರು. ಎರಡು ಚಮಚ ಮೆಂತೆ ಒಂದನ ಯಾರ ಶುಗರನ್ನೂ 54ಕ್ಕ ಇಳಸೂದಿಲ್ಲ. ಇಳಿಸಿದ್ದು ಗುಳಿಗಿ. ಗ್ಲಿಮೆಪಿರೈಡ್ ಹೊಟ್ಟಿಯೊಳಗಿನ ಮೇದೋಜೀರಕ ಗ್ರಂಥಿಗೆ "ಇನ್ಸುಲಿನ್ ಬಿಡು" ಅಂತ ಹೇಳ್ತದ. ಮುಂದ ಊಟ ಬಂದದೋ ಇಲ್ಲೋ ಅಂತ ಅದು ನೋಡೂದಿಲ್ಲ. ಏಳೂವರಿಗೆ ತೊಗೊಂಡ ಗುಳಿಗಿ ಊಟದ ದಾರಿ ನೋಡಿ ನೋಡಿ, ಇದ್ದ ಶುಗರನ್ನನ ಖರ್ಚು ಮಾಡಿತು. ಹಂಗಾರ ಮೆಂತೇದ್ದು ಏನೂ ತಪ್ಪಿಲ್ಲೇನು? ಅದರದ್ದು ಎರಡು ಪಾಲು ಅದ. ಉಬ್ಬಿದ ಕಾಳು ಹೊಟ್ಟಿ ತುಂಬಿಸಿ ಹಸಿವಿ ಮುಚ್ಚಿ ಹಾಕ್ತು, ಇಲ್ಲಾಂದ್ರ ವೈನಿ ಒಂಬತ್ತಕ್ಕನ ಏನರ ತಿಂತಿದ್ರು. ಮತ್ತ ಮೆಂತೆನೂ ಸ್ವಲ್ಪ ಶುಗರ್ ಇಳಿಸ್ತದ, ಗುಳಿಗಿ ಕೂಡ ಅದೂ ಕೈ ಹಚ್ಚಿತು.

ನನ್ನಂಗ ಬರೇ ಮೆಟ್‌ಫಾರ್ಮಿನ್ ತೊಗೊಳ್ಳೋರಿಗೆ ಹಿಂಗ ಆಗೂದು ಭಾಳ ಕಡಿಮಿ. ಯಾಕಂದ್ರ ಅದು ಇನ್ಸುಲಿನ್ ಬಿಡಸೂದಿಲ್ಲ, ಲಿವರ್ ಹೊರಗ ಬಿಡೋ ಸಕ್ರಿ ಕಡಿಮಿ ಮಾಡ್ತದ. ಹಂಗಾಗಿ ಬಾಜೂ ಮನಿಯಾಕಿ ಮೆಂತೆ ತಿಂದು ಆರಾಮ ಇದ್ದಾಳ ಅಂತ ನೀವೂ ಆರಾಮ ಇರ್ತೀರಿ ಅನ್ನಲಿಕ್ಕೆ ಬರೂದಿಲ್ಲ. ನಿಮ್ಮ ಗುಳಿಗಿ ಸ್ಟ್ರಿಪ್ಪಿನ ಹಿಂದ ಸಣ್ಣ ಅಕ್ಷರದಾಗ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವುಗಳಾಗ ಯಾವುದರ ಹೆಸರಿದ್ರ, ಇಲ್ಲಾ ನೀವು ಇನ್ಸುಲಿನ್ ಚುಚ್ಚಕೊಳ್ಳೋರಿದ್ರ, ನೀವು ನಮ್ಮ ವೈನಿ ಸಾಲಿನ್ಯಾಗ ಬರ್ತೀರಿ. ಕಣ್ಣು ಕಾಣದಿದ್ರ ಮಕ್ಕಳ ಕಡಿಂದ ಓದಿಸ್ರಿ.

ವೈನಿ ಅವತ್ತ ಮೆಂತೆ ಬಿಟ್ಟ ಬಿಡ್ತೀನಿ ಅಂದ್ರು. ಡಾಕ್ಟ್ರ ಬಿಡೂದು ಬ್ಯಾಡ, ನೆಟ್ಟಗ ತಿನ್ರಿ ಅಂದ್ರು. ಗುಳಿಗಿ ತಾಟು ಮುಂದ ಬಂದ ಮ್ಯಾಲೆನ ಬಾಯಾಗ ಹಾಕ್ಕೋಬೇಕು, ಹಬ್ಬ ಇರ್ಲಿ ಪೂಜಿ ಇರ್ಲಿ. ಉಪವಾಸದ ದಿನಾ ಆ ಗುಳಿಗಿ ಏನ್ ಮಾಡಬೇಕು ಅಂತ ಬ್ಯಾರೆ ಚೀಟಿನ ಬರದು ಕೊಟ್ರು. ಅದು ಅವರವರ ಡಾಕ್ಟ್ರು ಬರದು ಕೊಡಬೇಕಾದದ್ದು, ನಾ ಇಲ್ಲೆ ಹೇಳೂದಿಲ್ಲ.

ಇನ್ನ ಆ ಮೆಂತೆ ಖರೇನ ಎಷ್ಟು ಕೆಲಸ ಮಾಡ್ತದ ಅನ್ನೋ ಮಾತಿಗೆ ಬರ್ತೀನಿ. ಮೆಂತೆಕಾಳಿನ ತೂಕದಾಗ ಹತ್ತತ್ರ ಅರ್ಧಾ ಬರೇ ನಾರು. ಅದರಾಗ ಒಂದು ಪಾಲು ನೀರಾಗ ನೆಂದು ಲೋಳಿ ಆಗ್ತದ. ರಾತ್ರಿ ನೆನೆಸಿದ ಕಾಳು ಮುಂಜಾನೆ ಬೆರಳಾಗ ಹಿಚುಕಿ ನೋಡ್ರಿ, ಜಾರತದಲ್ಲ, ಅದ ಲೋಳಿ. ಆ ಲೋಳಿ ಹೊಟ್ಟಿಯೊಳಗ ಊಟದ ಕೂಡ ಕಲತು ಊಟ ಮುಂದ ಸರಿಯೂದನ್ನ ನಿಧಾನ ಮಾಡ್ತದ. ಸಕ್ರಿ ಒಮ್ಮೆಲೆ ರಕ್ತಕ್ಕ ನುಗ್ಗೂದಿಲ್ಲ, ಸಾವಕಾಶ ಹೋಗ್ತದ. ಅಂದ್ರ ಅದರ ದೊಡ್ಡ ಕೆಲಸ ಊಟ ಆದ ಮ್ಯಾಲಿನ ಶುಗರ್ ಮ್ಯಾಲೆ. ಈಗ ಹೇಳ್ರಿ, ನೀರು ಸೋಸಿ ಕುಡದು ಕಾಳು ಗಿಡಕ್ಕ ಹಾಕಿದ್ರ ನಾರು ಎಲ್ಲೆ ಹೋತು? ವೈನಿ ಮನಿ ದಾಸಾಳ ಗಿಡಕ್ಕ ಒಂದು ತಿಂಗಳು ಚೊಲೋ ಔಷಧ ಆತು ಅಂತ ನಾವು ನಗ್ತೀವಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರ ಸುಮಾರಿಗೆ ಶುಗರ್ ಇದ್ದವರಿಗೆ ಮೆಂತೆ ಕೊಟ್ಟು ಪರೀಕ್ಷಾ ಮಾಡಿದ್ರು. ಮೆಂತೆ ಶುಗರ್ ಇಳಿಸ್ತದ ಅನ್ನೋ ಮಾತಿಗೆ ನಮ್ಮ ದೇಶದಾಗ ಅದು ದೊಡ್ಡ ಆಧಾರ. ಆದ್ರ ಅವರು ಕೊಟ್ಟದ್ದು ದಿನಕ್ಕ 25 ಗ್ರಾಮಿನಿಂದ 100 ಗ್ರಾಮ್‌ತನಕ ಕಾಳಿನ ಪುಡಿ, ಅದೂ ಊಟದಾಗ ಕಲಸಿ. ನಮ್ಮ ಚಹಾದ ಚಮಚದಾಗ ಹಿಡಿಯೂದು ಸುಮಾರು ನಾಲ್ಕು ಗ್ರಾಮ್. 25 ಗ್ರಾಮ್ ಅಂದ್ರ ಅಂಥಾ ಆರು ಚಮಚ. ನಾನೊಮ್ಮೆ ತಕ್ಕಡಿಯೊಳಗ ತೂಗಿ ಬಟ್ಟಲದಾಗ ಹಾಕಿ ನೋಡಿದೆ. ಅಷ್ಟು ಕಹಿ ದಿನಾ ತಿನ್ನೋ ಹೊಟ್ಟಿ ನನ್ನದಂತೂ ಅಲ್ಲ. ಸುರುವಿಗೇ ಅಷ್ಟು ತಿಂದ್ರ ಗ್ಯಾಸು, ಭೇದಿ ಗ್ಯಾರಂಟಿ. ಹಂಗಾಗಿ ಒಂದು ಚಮಚದಿಂದ ಆ ಪರೀಕ್ಷಾದಷ್ಟು ಫಾಯದಾ ಬಯಸೂದು ಸರಿ ಅಲ್ಲ. ಬಾಣಂತಿಗೆ ಮಾಡೋ ಮೆಂತೆ ಉಂಡಿ, ನಮ್ಮ ಮೆಂತೆಹಿಟ್ಟು ಇವನ್ನೂ ಶುಗರ್ ಔಷಧ ಅನ್ನೋರಿದ್ದಾರ. ಉಂಡ್ಯಾಗ ಬೆಲ್ಲ ಎಷ್ಟು, ಮೆಂತೆಹಿಟ್ಟಿನ್ಯಾಗ ಗೋದಿ, ಬ್ಯಾಳಿ ಎಷ್ಟು ಅಂತ ಮಾಡೋರಿಗೇ ಗೊತ್ತು.

ವೈನಿದು ನಾವು ಅಳದ ನೋಡಿದ್ವಿ. ಡಾಕ್ಟರಿಗೆ ತಿಳಿಸಿ, ಗುಳಿಗಿ ಊಟ ಎಲ್ಲಾ ಹೊತ್ತಿಗೆ ಸರಿಯಾಗಿ ಇಟ್ಟು. ದಿನಾ ಅದ ಒಂದು ವಾಟಿ ಉಪ್ಪಿಟ್ಟು, ತಿನ್ನಲಿಕ್ಕೆ ಸುರು ಮಾಡಿ ಎರಡು ತಾಸಿಗೆ ಮೀಟರ್. ಮೆಂತೆ ಇಲ್ಲದ ಮೂರು ದಿನಾ 214, 203, 218 ಬಂತು. ಸೋಸಿದ ನೀರು ಅಷ್ಟ ಕುಡದ ಮೂರು ದಿನಾ 209, 216, 201, ಅಂದ್ರ ಫರಕ್ ಏನೂ ಇಲ್ಲ. ಒಂದು ಚಮಚ ನೆನೆಸಿದ ಕಾಳು ಮಿಕ್ಸರಿನ್ಯಾಗ ಮೊಸರಿನ ಕೂಡ ತಿರುವಿ, ಉಪ್ಪಿಟ್ಟಿನ ಜೊತಿಗೇ ತಿಂದ ಮೂರು ದಿನಾ 192, 185, 197. ಸುಮಾರು ಇಪ್ಪತ್ತು ಕಡಿಮಿ ಆತು. ಮನಿ ಮೀಟರನ ಹತ್ತು ಇಪ್ಪತ್ತು ಆ ಕಡೆ ಈ ಕಡೆ ತೋರಿಸ್ತದ, ಅದಕ್ಕ ಒಂದು ದಿನಾ ನೋಡಿ ಕುಣೀಬಾರದು, ಮೂರು ದಿನಾ ನೋಡಿದ್ದು ಅದಕ್ಕ. ಮತ್ತ ಬರೇ ಮೊಸರಿನ ಪಾಲೂ ಅದರಾಗ ಒಂದಿಷ್ಟು ಇದ್ದೀತು. ಉಪ್ಪಿಟ್ಟಿನ ವಾಟಿ ಮುಕ್ಕಾಲು ಮಾಡಿ ಮ್ಯಾಲೆ ಕಾಳಿನ ಪಲ್ಯ ಹಾಕ್ಕೊಂಡ ದಿನಾ ಮೆಂತೆ ಇಲ್ಲದನ 170 ಬಂತು. ವೈನಿಗೆ ಇದು ಸೇರಲಿಲ್ಲ. ಮೆಂತೆ ಗೆಲ್ಲಬೇಕಿತ್ತು ಅವರಿಗೆ.

ಮೂರು ತಿಂಗಳ ಸರಾಸರಿ ತೋರಿಸೋ ರಕ್ತ ಪರೀಕ್ಷಾ, ಎಚ್‌ಬಿಎ1ಸಿ, ಶ್ರಾವಣದಾಗ 8.1 ಇತ್ತು, ದೀಪಾವಳಿ ಆದ ಮ್ಯಾಲೆ 7.7 ಬಂತು. ಬಾಜೂ ಮನಿಗೆ ಮುಟ್ಟಿದ ಸುದ್ದಿ ಇದ. ಆದ್ರ ಅದರಾಗ ಮೆಂತೆ ಎಷ್ಟು, ಸಣ್ಣದಾದ ವಾಟಿ ಎಷ್ಟು, ಸಂಜಿ ಅರ್ಧಾ ತಾಸು ನಡದದ್ದು ಎಷ್ಟು ಅಂತ ಬಿಡಿಸಿ ಹೇಳಲಿಕ್ಕೆ ಆಗೂದಿಲ್ಲ. ಗುಳಿಗಿ ಒಂದೂ ಬಿಟ್ಟಿಲ್ಲ. ಮೆಂತೆ ಹಿಡದು ಗುಳಿಗಿ ಬಿಟ್ಟವರು ನಮ್ಮ ಓಣ್ಯಾಗೇ ಒಬ್ಬರಿದ್ದಾರ, ಎರಡು ತಿಂಗಳ ಮ್ಯಾಲೆ ನೋಡಿಸಿದ್ರ ಉಪವಾಸದ ಶುಗರ್ 290 ಇತ್ತು. ಅಲ್ಲಿತನಕ ಅವರಿಗೆ ಏನೂ ಅನಿಸಿರಲೇ ಇಲ್ಲ.

ನಾವು ಈಗ ಮಾಡೋ ರೀತಿ ಇಷ್ಟ. ರಾತ್ರಿ ಒಂದು ಸಣ್ಣ ಚಮಚ ಕಾಳು ಎರಡು ಸಲ ತೊಳದು, ಅರ್ಧಾ ಲೋಟ ಕುಡಿಯೋ ನೀರಾಗ ಹಾಕಿ ಮುಚ್ಚಿಡೂದು. ಬ್ಯಾಸಿಗ್ಯಾಗ ಫ್ರಿಜ್ಜಿನ್ಯಾಗ, ಹೊರಗಿಟ್ರ ನೊರಿ ಬಂದು ಹುಳಿ ವಾಸನಿ ಹೊಡೀತದ, ಹಂಗಾದದ್ದು ಚೆಲ್ಲಿ ಬಿಡೂದು. ಮುಂಜಾನೆ ಕಾಳು ಅಗದು ತಿನ್ನೂದು, ಇಲ್ಲಾ ಮೊಸರಿನ್ಯಾಗ ತಿರುವೂದು, ನೆಂದ ನೀರನ್ನೂ ಅದಕ್ಕ ಹಾಕೂದು. ಒಣ ಪುಡಿ ಬಾಯಿಗೆ ಹಾಕ್ಕೊಂಡು ಮ್ಯಾಲೆ ನೀರು ಕುಡಿಯೂದು ಬ್ಯಾಡ, ಗಂಟಲದಾಗ ಉಬ್ಬಿ ಸಿಕ್ಕೀತು. ಮೊದಲಿನ ವಾರ ಅರ್ಧಾ ಚಮಚ ಸಾಕು. ಬೆವರು, ಮೂತ್ರ ಒಂಥರಾ ಸೀ ಪಾಕದ ವಾಸನಿ ಬರ್ತಾವ, ಅದಕ್ಕ ಅಂಜೂದು ಬ್ಯಾಡ, ಮೆಂತೇದ ವಾಸನಿ ಅದು.

ನನ್ನ ತಪ್ಪೂ ಒಂದು ಹೇಳತೀನಿ. ನನಗ ಥೈರಾಯ್ಡ್ ಗುಳಿಗಿ ಅದ, ಎದ್ದ ಕೂಡ್ಲೆ ಖಾಲಿ ಹೊಟ್ಟೀಲೆ. ವೈನಿ ನೋಡಿ ನಾನೂ ಮೆಂತೆ ಸುರು ಮಾಡಿ, ಆ ನೀರಿಲೇ ಥೈರಾಯ್ಡ್ ಗುಳಿಗಿ ನುಂಗತಿದ್ದೆ, ಒಂದ ಕೆಲಸದಾಗ ಎರಡೂ ಆತಲ್ಲ ಅಂತ. ಊಟ ಹಿಡದಿಡೋ ಲೋಳಿ ಗುಳಿಗಿನೂ ಹಿಡದಿಡ್ತದ ಅಂತ ತಲಿಗೆ ಹೋಗಲಿಲ್ಲ. ಮೂರು ತಿಂಗಳಿಗೆ ಟಿಎಸ್‌ಎಚ್ 9 ದಾಟಿತ್ತು, ಮದಲ 3 ಇತ್ತು. ಗುಳಿಗಿ ದೊಡ್ಡದು ಮಾಡೂಕಿಂತ ಮೊದಲು ಡಾಕ್ಟ್ರು ಹ್ಯಾಂಗ ತೊಗೋತೀರಿ ಅಂತ ಕೇಳಿದ್ದು ಪುಣ್ಯಾ. ಈಗ ಥೈರಾಯ್ಡ್ ಗುಳಿಗಿ ಬರೇ ನೀರಿಲೆ ಮುಂಜಾನೆ ಆರಕ್ಕ, ಮೆಂತೆ ಮಧ್ಯಾಹ್ನದ ಊಟದ ಜೊತಿಗೆ. ಬ್ಯಾರೆ ಗುಳಿಗಿ ಇದ್ದವರೂ ಮೆಂತೆ ಮತ್ತ ಗುಳಿಗಿ ಒಂದ ಗುಟುಕಿನ್ಯಾಗ ಕೂಡಿಸಬ್ಯಾಡ್ರಿ, ಎಷ್ಟ ಹೊತ್ತು ಬಿಡಬೇಕು ಅಂತ ಕೇಳಿಕೋರಿ. ರಕ್ತ ತೆಳು ಮಾಡೋ ವಾರ್ಫರಿನ್‌ದಂಥಾ ಗುಳಿಗಿ ಇದ್ದವರು, ಬಸರಿದ್ದ ಹೆಣ್ಣಮಕ್ಕಳು, ಶೇಂಗಾ ಕಡ್ಲಿ ತಿಂದ್ರ ಮೈಮ್ಯಾಲೆ ದದ್ದು ಏಳೋರು, ಇವರು ಮೆಂತೆ ಔಷಧದಂಗ ತಿನ್ನೂದಕ್ಕ ಹೋಗಬಾರದು. ಒಗ್ಗರಣಿಗೆ ನಾಲ್ಕು ಕಾಳು ಹಾಕೂದು ಬ್ಯಾರೆ ಮಾತು, ಆದ್ರ ದದ್ದು ಏಳೋರು ಅದನ್ನೂ ನೋಡಿಕೊಂಡು.

ಇಷ್ಟು ಬರದು, ನಿನ್ನೆ ಸಂಜೀಮುಂದ ಬಾಜೂ ಅಕ್ಕಾ ಅವರ ಮನಿಗೆ ಹೋಗಿ ಗುಳಿಗಿ ತೋರಸ್ರೀ ಅಂದೆ. ಸ್ಟ್ರಿಪ್ ತಂದ್ರು. ಹಿಂದ ಎರಡಲ್ಲ, ಮೂರು ಹೆಸರಿದ್ವು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಮೂರನೇದ್ದು ವೋಗ್ಲಿಬೋಸ್. ಇದರ ಬಗ್ಗೆ ವೈನಿ ಕೂಡ ಹೋದಾಗನ ಡಾಕ್ಟ್ರು ಹೇಳಿದ್ದು ನೆನಪಿತ್ತು. ವೋಗ್ಲಿಬೋಸ್ ತೊಗೊಳ್ಳೋರಿಗೆ ಶುಗರ್ ಇಳದಾಗ ಮನಿ ಸಕ್ರಿ ಲಗೂ ಕೆಲಸ ಮಾಡೂದಿಲ್ಲ, ಯಾಕಂದ್ರ ಸಕ್ರಿ ಒಡದು ರಕ್ತಕ್ಕ ಹೋಗೂದನ್ನ ಆ ಗುಳಿಗಿನ ತಡೀತದ. ಅವರಿಗೆ ಬೇಕಾದದ್ದು ಗ್ಲೂಕೋಸ್ ಪುಡಿ, ಮೂರು ನಾಲ್ಕು ಸಣ್ಣ ಚಮಚ ನೀರಾಗ. ಎಚ್ಚರ ತಪ್ಪಿದವರ ಬಾಯಾಗ ಮಾತ್ರ ಏನೂ ಹಾಕಬಾರದು, ಸೀದಾ ದವಾಖಾನಿಗೆ.

"ಹಂಗಾರ ಮೆಂತೆ ತಿನ್ನೂದ ಬ್ಯಾಡೇನ್ರೀ?" ಅಂದ್ರು.

"ಬರೋ ಸೋಮವಾರ ದವಾಖಾನಿಗೆ ಹೋಗ್ತೀರಲ್ರೀ, ಕೇಳಿಕೊಂಡು ತಿನ್ರಿ. ಅಲ್ಲಿತನಕ ಈ ಪಾಕೀಟ ಅಡಗಿ ಮನ್ಯಾಗ ಎದುರಿಗೆ ಕಾಣೂವಂಗ ಇಡ್ರಿ" ಅಂದು ಅಂಗಡಿಂದ ತಂದಿದ್ದ ಗ್ಲೂಕೋಸ್ ಪಾಕೀಟು ಕೊಟ್ಟೆ. ಅವರ ಮೊಮ್ಮಗ ಆಗಲೇ ಅದರ ಮ್ಯಾಲೆ ಕಣ್ಣಿಟ್ಟಿದ್ದ. ಮ್ಯಾಲಿನ ಫಳೀ ಮ್ಯಾಲೆ ಇಟ್ಟು, ಸೊಸಿಗೂ ತೋರಿಸಿ ಬಂದೆ.